ಪತ್ರದ ವಿಳಾಸದಲ್ಲಿ ಮಹಿಳೆಯ ಗೌರವಸೂಚಕ

ಔಪಚಾರಿಕ ಪತ್ರದಲ್ಲಿ ಮಹಿಳೆಯ ಹೆಸರಿಗೆ ಮೊದಲಲ್ಲಿ ಸೇರಿಸುವ ಶ್ರೀಮತಿ, ಕುಮಾರಿ, ಸುಶ್ರೀ, ಡಾ., ಮಾನ್ಯ ಮುಂತಾದ ಪದಗಳನ್ನೂ ಕೊನೆಗೆ ಸೇರಿಸುವ ‘ಅವರು’ ಎಂಬ ಪದವನ್ನೂ ಕನ್ನಡದಲ್ಲಿ ಗೌರವಸೂಚಕಗಳೆನ್ನುತ್ತಾರೆ. ಗಂಡಸಿಗೆ ಬರೆಯುವಾಗ ‘ಶ್ರೀ’ ಎಂದು ಬರೆದು ಮುಂದೆ ಹೋಗಬಹುದು. ಅವನಿಗೆ ಮದುವೆಯಾಗಿದೆಯೋ ಇಲ್ಲವೋ ಎಂದು ಯಾರೂ ಯೋಚಿಸುವುದಿಲ್ಲ. ಹೆಂಗಸಿಗೆ ಬರೆಯುವಾಗ ಮಾತ್ರ ಶ್ರೀಮತಿಯೋ ಕುಮಾರಿಯೋ ಎಂದು ಪೆನ್ನು ನಿಲ್ಲುತ್ತದೆ. ಮದುವೆಯ ವಿಷಯ ತಿಳಿಯದಿದ್ದಾಗ ಏನು ಬರೆಯಬೇಕು ಎಂಬುದಕ್ಕೆ ಮೈಸೂರಿನ ಕಚೇರಿ, ಕಾಲೇಜು, ಸಭೆ-ಸಮಾರಂಭಗಳ ಬಳಕೆಯಲ್ಲೇ ಉತ್ತರವಿದೆ. ಆ ಉತ್ತರ ಹೆಸರಿನ ಮೊದಲಲ್ಲಲ್ಲ, ಕೊನೆಯಲ್ಲಿ ಸಿಗುತ್ತದೆ.

‘ಶ್ರೀಮತಿ’ ಪದದ ಒಳಗೆ ಮದುವೆ ಇಲ್ಲ. ಸಂಸ್ಕೃತದಲ್ಲಿ ಶ್ರೀ ಉಳ್ಳವನು ಶ್ರೀಮಾನ್, ಶ್ರೀ ಉಳ್ಳವಳು ಶ್ರೀಮತಿ. ಬುದ್ಧಿಮಾನ್, ಬುದ್ಧಿಮತಿ ಎಂದಂತೆ. ಬಳಕೆ ಮಾತ್ರ ಅದನ್ನು ಮದುವೆಯಾದವಳಿಗೆ ಮೀಸಲಿಟ್ಟಿತು. ಇಂಗ್ಲಿಷಿನ ಮಿಸೆಸ್ ಮತ್ತು ಮಿಸ್‌ಗಳಿಗೆ ಸರಿಜೋಡಿಯಾಗಿ ಶ್ರೀಮತಿ ಮತ್ತು ಕುಮಾರಿ ಅರ್ಜಿ ನಮೂನೆಗಳಲ್ಲಿ ಕೂತವು. ‘ಕುಮಾರಿ’ಯ ಕಥೆ ಬೇರೆ. ಅದು ಮೂಲದಲ್ಲೇ ಹುಡುಗಿ, ಕನ್ಯೆ. ಶಾಲೆಯ ಬಹುಮಾನ ಪಟ್ಟಿಯಲ್ಲಿ ‘ಕು.’ ಎಂದಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಐವತ್ತೈದು ವರ್ಷದ ಮುಖ್ಯೋಪಾಧ್ಯಾಯರಿಗೆ ‘ಕುಮಾರಿ’ ಎಂದು ಬರೆದರೆ, ಅವರು ನಿಜಕ್ಕೂ ಅವಿವಾಹಿತರಾಗಿದ್ದರೂ, ಪತ್ರ ಅವರ ಮನೆಯ ಸಂಗತಿಯನ್ನು ಕಚೇರಿಯ ಟಪಾಲಿನಲ್ಲಿ ಓದಿಸಿದಂತಾಗುತ್ತದೆ.

ಇವೆರಡರ ಆಚೆ ಮದುವೆಯನ್ನು ನೇರವಾಗಿಯೇ ಹೇಳುವ ಗುರುತುಗಳಿವೆ. ಮದುವೆಯ ಕರೆಯೋಲೆಯಲ್ಲಿ ಕಾಣುವ ‘ಸೌ.’ ಎಂದರೆ ಸೌಭಾಗ್ಯವತಿ, ಗಂಡ ಬದುಕಿರುವವಳು. ಗಂಡ ತೀರಿಕೊಂಡ ದಿನ ಈ ಪದವೂ ಕಳಚಿಬೀಳುತ್ತದೆ. ಹಾಗಾಗಿ ಗುರುತಿಲ್ಲದವರಿಗೆ ಇದನ್ನು ಬರೆಯುವುದು ಎಲ್ಲಕ್ಕಿಂತ ಅಪಾಯದ ಊಹೆ. ಹಳೆಯ ಮೈಸೂರಿನ ಜಮೀನು ದಾಖಲೆಗಳಲ್ಲಿ ಇನ್ನೊಂದು ಪದ್ಧತಿ ಇದೆ: ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಪಹಣಿಯಲ್ಲಿ ‘ಲಕ್ಷ್ಮಮ್ಮ ಕೋಂ ನಂಜಪ್ಪ’ ಎಂದು ಇರುವುದು ಒಂದೇ ಊರಿನ ಹಲವು ಲಕ್ಷ್ಮಮ್ಮಂದಿರಲ್ಲಿ ಒಬ್ಬರನ್ನು ಗುರುತಿಸಲು ಅನುಕೂಲ. ಅದು ದಾಖಲೆಯ ಅಗತ್ಯ. ದಾಖಲೆ ನೋಡಿ ಪತ್ರ ಬರೆಯುವವರು ಆ ಸಾಲನ್ನು ಹಾಗೆಯೇ ಲಕೋಟೆಯ ಮೇಲೆ ಇಳಿಸುವುದನ್ನು ನಾನು ಕಂಡಿದ್ದೇನೆ. ಅಲ್ಲಿ ‘ಕೋಂ’ ಇರಬೇಕಾದ ಕಾರಣವೇ ಇಲ್ಲ.

ಮದುವೆಯನ್ನು ಹೇಳದ ಒಂದು ಪದ ಬೇಕೆಂಬ ಹುಡುಕಾಟ ಬೇರೆ ಭಾಷೆಗಳಲ್ಲೂ ನಡೆದಿದೆ. ಇಂಗ್ಲಿಷಿನ ‘ಮಿಜ್’ ಎಂಬ ರೂಪವನ್ನು ಅಮೆರಿಕದ ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಪತ್ರಿಕೆಯೊಂದು 1901ರಲ್ಲೇ ಸೂಚಿಸಿತ್ತು. ನ್ಯೂಯಾರ್ಕ್ ಟೈಮ್ಸ್ ಅದನ್ನು ಒಪ್ಪಿಕೊಂಡದ್ದು 1986ರಲ್ಲಿ. ಫ್ರಾನ್ಸಿನ ಸರ್ಕಾರ ತನ್ನ ನಮೂನೆಗಳಿಂದ ‘ಮದ್ಮೊಜೆಲ್’ ಪದವನ್ನು 2012ರಲ್ಲಿ ತೆಗೆಯಲು ಹೇಳಿತು. ಹಿಂದಿಯಲ್ಲಿ ಇದೇ ಉದ್ದೇಶಕ್ಕೆ ‘ಸುಶ್ರೀ’ ಬಂತು. ಕೇಂದ್ರ ಕಚೇರಿಗಳ ಮೂಲಕ ಕನ್ನಡಕ್ಕೂ ಇಳಿಯಿತು. ಆದರೆ ಸುಶ್ರೀ ಮಾಯಾವತಿ, ಸುಶ್ರೀ ಉಮಾ ಭಾರತಿ ಎಂದು ಅವಿವಾಹಿತ ನಾಯಕಿಯರ ಹೆಸರಿಗೇ ಅದು ಅಂಟಿಕೊಂಡದ್ದರಿಂದ, ಕೇಳಿದವರ ಕಿವಿಗೆ ಅದು ‘ಮದುವೆಯಾಗದ ಹಿರಿಯರು’ ಎಂದೇ ಕೇಳುತ್ತದೆ. ಯಾವ ಅರ್ಥವನ್ನು ಬಿಡಲು ಹುಟ್ಟಿತೋ ಅದೇ ಅರ್ಥ ಅದರ ಬೆನ್ನು ಹತ್ತಿತು. ಕನ್ನಡ ಪತ್ರದಲ್ಲಿ ಅದು ಇನ್ನೂ ಹೊರಗಿನ ಪದವಾಗಿಯೇ ಉಳಿದಿದೆ. ಪತ್ರ ಪಡೆಯುವ ಮಹಿಳೆ ತಾವೇ ಹಾಗೆ ಬರೆದುಕೊಂಡಿದ್ದರೆ ಬಳಸಬೇಕು, ಇಲ್ಲದಿದ್ದರೆ ಬೇಡ.

ಕನ್ನಡಕ್ಕೆ ಹೊಸ ಪದವೇ ಬೇಕಿಲ್ಲ. ‘ಅವರು’ ಎಂಬುದರಲ್ಲಿ ಗೌರವವಿದೆ, ಲಿಂಗವಿಲ್ಲ, ಮದುವೆಯಿಲ್ಲ. ವಿಳಾಸದಲ್ಲಿ ‘ಎಂ. ಎಸ್. ಪದ್ಮಾ ಅವರಿಗೆ’ ಎಂದು ಬರೆದರೆ ಮರ್ಯಾದೆ ಪೂರ್ತಿಯಾಯಿತು. ಪತ್ರದ ಒಳಗೆ ‘ತಾವು’ ಇದೆ, ‘ತಾವು ದಯಮಾಡಿ ಬರಬೇಕು’ ಎಂಬಲ್ಲಿ ಕ್ರಿಯಾಪದವೂ ಏನನ್ನೂ ಬಿಟ್ಟುಕೊಡುವುದಿಲ್ಲ. ಸಂಬೋಧನೆಗೆ ‘ಮಾನ್ಯರೇ’ ಸಾಕು. ಹಿಂದಿನ ಅರ್ಜಿಗಳ ‘ಸ್ವಾಮಿ’ ಗಂಡಸನ್ನೇ ಎದುರಿಗಿಟ್ಟುಕೊಂಡ ಪದ. ಅದನ್ನು ಯಾಂತ್ರಿಕವಾಗಿ ಬರೆಯುವ ಅಭ್ಯಾಸ ಬಿಡುವುದು ಒಳ್ಳೆಯದು. ಹೆಸರಿನ ಮೊದಲಲ್ಲಿ ಏನಾದರೂ ಬೇಕೇಬೇಕು, ಬರಿಯ ಹೆಸರು ಬೋಳಾಗಿ ಕಾಣುತ್ತದೆ ಎನ್ನುವವರು ‘ಮಾನ್ಯ’ ಎಂದು ಸೇರಿಸಬಹುದು.

‘ಅವರು’ ಸೇರಿಸುವಾಗ ಹೆಸರಿನ ಕೊನೆಯನ್ನು ನೋಡಬೇಕು. ಪದ್ಮಾ ಅವರಿಗೆ, ಲಕ್ಷ್ಮಿಯವರಿಗೆ, ಪುಟ್ಟಮ್ಮನವರಿಗೆ. ಕಚೇರಿಯ ಕಾಗದಗಳಲ್ಲಿ ಎಲ್ಲ ಹೆಸರಿಗೂ ‘ರವರಿಗೆ’ ಎಂದು ಬಿಡಿಯಾಗಿ ಬರೆಯುವ ರೂಢಿ ಇದೆ: ‘ಪದ್ಮಾ ರವರಿಗೆ’. ರಾಯರವರು ಎಂಬಲ್ಲಿ ಬರುವ ರಕಾರ ‘ರಾಯರು’ ಎಂಬುದರದ್ದೇ ಹೊರತು ‘ಅವರು’ ಪದದ್ದಲ್ಲ. ಪದ್ಮಾ ಎಂಬ ಹೆಸರಿನಲ್ಲಿ ಆ ರಕಾರಕ್ಕೆ ಆಧಾರವಿಲ್ಲ.

ಹುದ್ದೆ ಅಥವಾ ವಿದ್ಯೆ ಗೊತ್ತಿದ್ದರೆ ದಾರಿ ಇನ್ನೂ ಸುಲಭ. ‘ಪ್ರಾಂಶುಪಾಲರು’, ‘ಜಿಲ್ಲಾಧಿಕಾರಿಗಳು’, ‘ಕುಲಸಚಿವರು’ ಎಂಬವು ಗಂಡಸಿಗೂ ಹೆಂಗಸಿಗೂ ಒಂದೇ. ಮೈಸೂರಿನ ಸಂಗೀತ ಸಭೆಗಳ ಆಹ್ವಾನಪತ್ರಿಕೆಯಲ್ಲಿ ಗಾಯಕಿಗೆ ‘ವಿದುಷಿ’ ಎಂದೇ ಇರುತ್ತದೆ. ಅದು ಅವರ ಪಾಂಡಿತ್ಯಕ್ಕೆ ಸಲ್ಲುವ ಪದ, ಸಂಸಾರದ ಪ್ರಶ್ನೆ ಹತ್ತಿರವೂ ಸುಳಿಯುವುದಿಲ್ಲ. ಸ್ಥಾನದಿಂದ ಹೆಸರಿಸುವ ಈ ರೀತಿ ಮೈಸೂರಿಗೆ ಹೊಸದಲ್ಲ. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ತೀರಿಕೊಂಡ ಮೇಲೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರೀಜೆಂಟರಾಗಿ ಸಂಸ್ಥಾನವನ್ನು ನಡೆಸಿದರು. ಅವರನ್ನು ನಾಡು ಕರೆದದ್ದು ವಾಣಿವಿಲಾಸ ಸನ್ನಿಧಾನ ಎಂದು. ವಿಧವೆಯನ್ನು ಹೆಸರಲ್ಲೇ ಗುರುತು ಹಾಕುತ್ತಿದ್ದ ಕಾಲದಲ್ಲಿ ‘ಸನ್ನಿಧಾನ’ ಎಂಬ ಪದ ಅವರು ಕೂತಿದ್ದ ಜಾಗವನ್ನು ಮಾತ್ರ ಹೇಳಿತು. ನಮ್ಮ ಕಾಲದಲ್ಲಿ, 2022ರ ದಸರಾವನ್ನು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟಿಸಿದ ದ್ರೌಪದಿ ಮುರ್ಮು ಅವರಿಗೆ ‘ಮಾನ್ಯ ರಾಷ್ಟ್ರಪತಿಗಳು’ ಎಂಬುದೇ ಸರಿಯಾದ ಸಂಬೋಧನೆಯಾಗಿತ್ತು. ಗಂಡನನ್ನು ಕಳೆದುಕೊಂಡ ಅವರ ಹೆಸರಿನ ಮೊದಲಲ್ಲಿ ‘ಶ್ರೀಮತಿ’ ಹಾಗೇ ಉಳಿದಿರುವುದನ್ನೂ ಗಮನಿಸಬೇಕು. ‘ಸೌ.’ ಕಳಚುತ್ತದೆ, ‘ಶ್ರೀಮತಿ’ ಕಳಚುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ನೋಡೋಣ. ಕುವೆಂಪುನಗರದ ಓದುಗರ ಬಳಗವೊಂದು ಪ್ರಬಂಧ ಸ್ಪರ್ಧೆಗೆ ತೀರ್ಪುಗಾರರನ್ನು ಕರೆಯಬೇಕು. ಕಾರ್ಯದರ್ಶಿಗೆ ಗೊತ್ತಿರುವುದು ಇಷ್ಟೇ: ಎಂ. ಎಸ್. ಪದ್ಮಾ, ನಗರದ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕರು. ಇನಿಷಿಯಲ್ ನೋಡಿ ಊಹಿಸಲು ಕಾರ್ಯದರ್ಶಿ ಮೊದಲು ಪ್ರಯತ್ನಿಸುತ್ತಾರೆ. ‘ಎಂ’ ಮೈಸೂರೂ ಆಗಬಹುದು, ಮದ್ದೂರೂ ಆಗಬಹುದು. ‘ಎಸ್’ ತಂದೆ ಸುಬ್ಬಣ್ಣನೋ ಗಂಡ ಸೋಮಶೇಖರನೋ ತಿಳಿಯದು, ಏಕೆಂದರೆ ಮದುವೆಯ ನಂತರ ಕೆಲವರು ಇನಿಷಿಯಲ್ ಬದಲಿಸುತ್ತಾರೆ, ಹಲವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದನ್ನೇ ಕೊನೆವರೆಗೂ ಉಳಿಸಿಕೊಳ್ಳುತ್ತಾರೆ. ಕಾಲೇಜಿಗೆ ಫೋನ್ ಮಾಡಿ ‘ಮೇಡಂಗೆ ಮದುವೆ ಆಗಿದೆಯಾ’ ಎಂದು ಕೇಳುವುದಂತೂ ಪತ್ರದ ಸಂಕೋಚವನ್ನು ನಾಲ್ಕು ಜನರ ಮುಂದೆ ಹರಡಿದಂತೆ. ಕೇಳಲೇಬೇಕಾದರೆ ಕೇಳಬೇಕಾದ ಮಾತು ಇದು: ‘ಅವರ ಹೆಸರನ್ನು ಹೇಗೆ ಬರೆಯಬೇಕು?’ ಡಾಕ್ಟರೇಟ್ ಇದ್ದರೆ ಅದೂ ಆಗ ತಾನಾಗಿ ತಿಳಿಯುತ್ತದೆ. ಯಾರೂ ಸಿಗದಿದ್ದರೆ ಪತ್ರ ಹೀಗೆ ಹೊರಡಬಹುದು:

ಇವರಿಗೆ,
ಎಂ. ಎಸ್. ಪದ್ಮಾ ಅವರು,
ಕನ್ನಡ ಅಧ್ಯಾಪಕರು,
(ಕಾಲೇಜಿನ ಹೆಸರು), ಮೈಸೂರು.

ಮಾನ್ಯರೇ,
ವಿಷಯ: ಪ್ರಬಂಧ ಸ್ಪರ್ಧೆಗೆ ತೀರ್ಪುಗಾರರಾಗಿ ಬರಬೇಕೆಂದು ಕೋರಿಕೆ.
ನಮ್ಮ ಬಳಗದ ಸ್ಪರ್ಧೆಗೆ ತಾವು ತೀರ್ಪುಗಾರರಾಗಿ ಬರಲು ಒಪ್ಪಬೇಕೆಂದು ಕೋರುತ್ತೇವೆ.

ಇಲ್ಲಿ ಏನೋ ಬಿಟ್ಟುಹೋಗಿದೆ ಎಂದು ಓದುವವರಿಗೆ ಅನ್ನಿಸುವುದಿಲ್ಲ. ‘ಶ್ರೀಮತಿ/ಕುಮಾರಿ’ ಎಂದು ಗೆರೆ ಎಳೆದು ಎರಡನ್ನೂ ಅಚ್ಚು ಹಾಕಿ, ಯಾವುದನ್ನೂ ಹೊಡೆದುಹಾಕದೆ ಕಳಿಸಿದರೆ ಅನ್ನಿಸುತ್ತದೆ. ಆ ಗೆರೆ ‘ನೀವು ಯಾವುದು?’ ಎಂದು ಕೇಳುತ್ತದೆ. ಅದು ಅರ್ಜಿ ನಮೂನೆಯಲ್ಲಿ, ತುಂಬುವವರ ಕೈಯಲ್ಲಿ ಇದ್ದರೆ ಸರಿ, ಕರೆಯೋಲೆಯಲ್ಲಿ ಇರಬಾರದು.

ಪದ್ಮಾ ಅವರ ಉತ್ತರ ಬರುತ್ತದೆ. ಸಹಿಯ ಕೆಳಗೆ ‘ಡಾ. ಎಂ. ಎಸ್. ಪದ್ಮಾ’ ಎಂದಿದೆ. ಬಳಗದ ವಿಳಾಸದ ಪುಸ್ತಕದಲ್ಲಿ ಇನ್ನು ಮುಂದೆ ಅದೇ ಉಳಿಯಬೇಕು. ‘ಶ್ರೀಮತಿ’ ಎಂದು ಬರೆದುಕೊಂಡಿದ್ದರೆ ಅದನ್ನೂ, ಏನೂ ಬರೆದುಕೊಳ್ಳದಿದ್ದರೆ ಆ ಏನೂ ಇಲ್ಲದಿರುವುದನ್ನೂ ಹಾಗೆಯೇ ಪಾಲಿಸಬೇಕು. ಡಾ. ಜೊತೆಗೆ ‘ಶ್ರೀಮತಿ ಡಾ.’ ಎಂದು ಎರಡೆರಡು ಪೇರಿಸುವುದು ನಮ್ಮ ಆಹ್ವಾನಪತ್ರಿಕೆಗಳ ಹಳೆಯ ಕಾಯಿಲೆ. ಪಕ್ಕದ ಸಾಲಿನ ಗಂಡಸಿಗೆ ‘ಶ್ರೀ ಡಾ.’ ಎಂದು ಬರೆಯುವುದಿಲ್ಲವಾದರೆ ಇಲ್ಲೂ ಬೇಡ.

ಈ ಪದ್ಧತಿ ತೊಡಕಾಗುವುದು ಪಟ್ಟಿಯಲ್ಲಿ. ಮೂವರು ಗಂಡಸರಿಗೆ ‘ಶ್ರೀ’ ಇದ್ದು, ನಾಲ್ಕನೆಯ ಸಾಲಿನಲ್ಲಿ ಹೆಂಗಸಿನ ಹೆಸರು ಮಾತ್ರ ಬರಿದಾಗಿ ನಿಂತರೆ ಅದು ಅಗೌರವವಾಗಿ ಕಾಣುತ್ತದೆ, ಅಥವಾ ಅಚ್ಚಿನ ತಪ್ಪಾಗಿ. ಆಗ ಎಲ್ಲರ ‘ಶ್ರೀ’ಯನ್ನೂ ತೆಗೆದು ಎಲ್ಲರಿಗೂ ‘ಅವರು’ ಎಂದು ಹಾಕಬೇಕು. ಗಂಡಸರಲ್ಲಿ ಯಾರಾದರೂ ಬೇಸರಪಟ್ಟಾರು ಎಂಬ ಅಳುಕು ಆಯೋಜಕರಿಗೆ ಇರುತ್ತದೆ. ನಾಲ್ಕೂ ಸಾಲು ಒಂದೇ ತೆರನಾಗಿದ್ದರೆ ಯಾರೂ ಎಣಿಸುವುದಿಲ್ಲ. ಇನ್ನೊಂದು ತೊಡಕು ಕಂಪ್ಯೂಟರ್ ನಮೂನೆಯದು. ಅಲ್ಲಿ ಶ್ರೀ, ಶ್ರೀಮತಿ, ಕುಮಾರಿ ಮೂರೇ ಇದ್ದು ಒಂದನ್ನು ಒತ್ತದೆ ಮುಂದೆ ಹೋಗಲು ಬಿಡುವುದಿಲ್ಲ. ಆಕೆ ವಯಸ್ಕರೆಂದು ತಿಳಿದಿದ್ದರೆ ‘ಶ್ರೀಮತಿ’ಯನ್ನೇ ಒತ್ತುವುದು ನನ್ನ ಸಲಹೆ. ಅದರ ಮೂಲಾರ್ಥದಲ್ಲಿ ಸುಳ್ಳಿಲ್ಲ, ತಪ್ಪಾದರೂ ಆ ತಪ್ಪು ಆಕೆಯನ್ನು ಚಿಕ್ಕವಳನ್ನಾಗಿ ಮಾಡುವುದಿಲ್ಲ. ಆದರೆ ಸನ್ಯಾಸಿನಿಯರ ವಿಷಯದಲ್ಲಿ ಇದು ನಡೆಯದು. ಚರ್ಚಿನ ಸನ್ಯಾಸಿನಿಗೆ ‘ಸಿಸ್ಟರ್’, ಆಶ್ರಮದವರಿಗೆ ‘ಮಾತಾಜಿ’ ಎಂಬುದೇ ಅವರು ಆರಿಸಿಕೊಂಡ ಗುರುತು. ಸಿದ್ಧ ನಮೂನೆಯಲ್ಲಿ ಜಾಗವಿಲ್ಲದಿದ್ದರೂ ಮುದ್ರಿತ ಪತ್ರದಲ್ಲಿ ಅದನ್ನು ಕೈಯಿಂದ ತಿದ್ದಿ ಕಳಿಸಬೇಕು.

ಮೈಸೂರಿನಿಂದ ಹೊರಡುವ ಪತ್ರ ಇಂಗ್ಲಿಷಿನಲ್ಲಿದ್ದರೆ ‘ಮಿಜ್’ ಬರೆಯಬಹುದು. ಅದನ್ನೇ ಕನ್ನಡಕ್ಕಿಳಿಸುವಾಗ ಗುಮಾಸ್ತರು ‘ಮಿಸ್’ ಎಂದು ಬರೆದುಬಿಡುವುದುಂಟು. ಆಗ ಆಕೆ ಅವಿವಾಹಿತೆಯಾಗಿಬಿಡುತ್ತಾರೆ. ಅದೂ ಶಾಲಾ ಮಕ್ಕಳು ‘ಮಿಸ್, ಮಿಸ್’ ಎಂದು ಟೀಚರನ್ನು ಕೂಗುವ ಪದದಲ್ಲಿ. ಇಂಗ್ಲಿಷ್ ಪತ್ರದ ಕನ್ನಡ ಪ್ರತಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟು, ಹೆಸರಿನ ಕೊನೆಗೆ ‘ಅವರಿಗೆ’ ಎಂದು ಬರೆದರೆ ಅನುವಾದ ಸರಿಯಾಗುತ್ತದೆ.