y ಕೊಟ್ಟರೆ x ಸಿಗುತ್ತದೆಯೇ?

ಬಾಗ್ದಾದಿನ ಅಲ್-ಖ್ವಾರಿಜ್ಮಿ ಸುಮಾರು ಕ್ರಿ.ಶ. 820ರಲ್ಲಿ ಬಿಡಿಸಿದ ಒಂದು ಲೆಕ್ಕವನ್ನು ಇಂದಿನ ಸಂಕೇತದಲ್ಲಿ x² + 21 = 10x ಎಂದು ಬರೆಯಬಹುದು. ಉತ್ತರ 3 ಮತ್ತು 7. ಹತ್ತರ ಅರ್ಧದ ವರ್ಗ 25. 21ರ ಜಾಗದಲ್ಲಿ 25ಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ ಲೆಕ್ಕ ಅಸಾಧ್ಯ ಎಂದೂ ಆತ ಹೇಳಿದ. ಆ ಮಾತನ್ನು ತಿರುಗಿಸಿ ಓದಿ: x(10 − x) ಎಂಬುದು 25ನ್ನು ಮೀರಲಾರದು. ಫಲನದ ವ್ಯಾಪ್ತಿಯನ್ನು ಶೋಧಕದಿಂದ ಕಂಡುಹಿಡಿಯುವ ನಮ್ಮ ವಿಧಾನದ ಬೀಜವೆಲ್ಲ ಈ ತಿರುಗಿಸಿ ಓದುವುದರಲ್ಲೇ ಇದೆ.

12ನೇ ಶತಮಾನದ ಶರಫ್ ಅಲ್-ತೂಸಿ ಅದನ್ನು ಬೇಕೆಂದೇ ಮಾಡಿದ. x²(a − x) = c ಎಂಬ ಘನ ಸಮೀಕರಣಕ್ಕೆ ಧನ ಉತ್ತರವಿರಬೇಕಾದರೆ c ಎಷ್ಟರವರೆಗೆ ಬೆಳೆಯಬಹುದು ಎಂದು ಕೇಳಿ, 4a³/27 ಎಂಬ ಮಿತಿಯನ್ನು ಕಂಡ. ಅದೇ ಶತಮಾನದಲ್ಲಿ, 1150ರ ‘ಬೀಜಗಣಿತ’ದಲ್ಲಿ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಭಾಸ್ಕರಾಚಾರ್ಯ ಬರೆದ. b² − 4acಗೆ ನಾವು ಕೊಡುವ ‘ಶೋಧಕ’ ಎಂಬ ಹೆಸರಿನ ಇಂಗ್ಲಿಷ್ ಮೂಲವನ್ನು 1851ರಲ್ಲಿ ಕೊಟ್ಟವನು ಸಿಲ್ವೆಸ್ಟರ್. 1887ರ ಹಾಲ್ ಮತ್ತು ನೈಟ್ ಅವರ ‘ಹೈಯರ್ ಆಲ್ಜೀಬ್ರಾ’ ಹೊತ್ತಿಗೆ ಭಿನ್ನರೂಪದ ಫಲನಗಳಿಗೆ ಶೋಧಕವನ್ನು ಹಚ್ಚುವುದು ವಿದ್ಯಾರ್ಥಿಗಳ ಅಭ್ಯಾಸದ ಲೆಕ್ಕವಾಗಿತ್ತು.

y = (x² + x + 1)/(x² − x + 1) ತೆಗೆದುಕೊಳ್ಳೋಣ. ಛೇದದಿಂದ ಗುಣಿಸಿ ಒಟ್ಟುಗೂಡಿಸಿದರೆ

(y − 1)x² − (y + 1)x + (y − 1) = 0

ಈಗ y ಯಾರೋ ಕೊಟ್ಟ ಸಂಖ್ಯೆ; ಹುಡುಕಬೇಕಾದದ್ದು x. x ವಾಸ್ತವವಾಗಿರಬೇಕಾದರೆ (y + 1)² − 4(y − 1)², ಅಂದರೆ (3 − y)(3y − 1), ಸೊನ್ನೆಗಿಂತ ಕಡಿಮೆ ಇರಬಾರದು. ಹಾಗಾಗಿ y ಇರುವುದು 1/3ರಿಂದ 3ರವರೆಗೆ. y = 1 ಆದಾಗ ವರ್ಗಪದವೇ ಮಾಯವಾಗುವುದರಿಂದ ಅಲ್ಲಿ ಶೋಧಕದ ಮಾತು ನಡೆಯದು, ಬೇರೆಯಾಗಿ ನೋಡಬೇಕು: −2x = 0, x = 0 ಸಿಗುತ್ತದೆ. 1 ಉಳಿಯಿತು.

ಎಡವುವುದು ಬೇರೆ ಕಡೆ. y = (x² − 3x + 2)/(x² + x − 2) ಎಂಬುದಕ್ಕೆ ಇದೇ ದಾರಿ ಹಿಡಿದರೆ (y − 1)x² + (y + 3)x − 2(y + 1) = 0; ಶೋಧಕ (3y + 1)². ಅದು ಎಂದೂ ಋಣವಾಗದು. ಹಾಗಾದರೆ ಎಲ್ಲ ವಾಸ್ತವ ಸಂಖ್ಯೆಗಳೂ ವ್ಯಾಪ್ತಿಯಲ್ಲಿವೆ ಎಂದು ಬರೆದುಬಿಡುವವರು ಬಹಳ. ಆದರೆ y = −1/3 ಇಟ್ಟರೂ y = 1 ಇಟ್ಟರೂ ಬರುವ x ಒಂದೇ, 1. ಅಲ್ಲಿ ಛೇದ ಸೊನ್ನೆ, ಫಲನವೇ ಇಲ್ಲ. ಎರಡೂ ಬೆಲೆಗಳು ವ್ಯಾಪ್ತಿಯಿಂದ ಹೊರಗೆ.

ಛೇದದಿಂದ ಗುಣಿಸಿದಾಗ ನುಸುಳಿದ ಮೂಲವಿದು. ಅಂಶ ಮತ್ತು ಛೇದ ಎರಡರಲ್ಲೂ (x − 1) ಇದ್ದದ್ದರಿಂದ ಅದಕ್ಕೆ ದಾರಿಯಾಯಿತು. ಸಮಾನ ಅಪವರ್ತನ ಇಲ್ಲದಿದ್ದರೆ ಇಂಥ ಸುಳ್ಳು ಮೂಲ ಬರಲಾರದು. ವರ್ಗಪದಗಳಿರುವ ಅಂಶ, ಛೇದಗಳಲ್ಲಿ ಶೋಧಕವು yಯ ಪೂರ್ಣವರ್ಗವಾಗಿ ಕಂಡರೆ ಮೊದಲು ಅಪವರ್ತಿಸಿ ನೋಡಬೇಕು. ಇಲ್ಲಿ ಉಳಿಯುವುದು (x − 2)/(x + 2), ಅದರ ಜೊತೆಗೆ x ≠ 1 ಎಂಬ ಷರತ್ತು.