ಬಫರ್ ತುಂಬಿದ ಮೇಲೆ: ಮೆಸೇಜ್ ಕ್ಯೂ ಕೊಡುವ ರಕ್ಷಣೆಯ ಮಿತಿ

ಒಂದು ತಂತ್ರಾಂಶ ವ್ಯವಸ್ಥೆಯ ಭಾಗಗಳು ಒಂದನ್ನೊಂದು ನೇರವಾಗಿ ಕರೆಯದೆ ನಡುವೆ ಮೆಸೇಜ್ ಕ್ಯೂ ಇಟ್ಟುಕೊಂಡರೆ, ಯಾವುದೋ ಒಂದು ಭಾಗ ಕೆಟ್ಟರೂ ಮಿಕ್ಕವು ನಡೆಯುತ್ತವೆ ಎಂಬುದು ಇವೆಂಟ್ ಆಧಾರಿತ ವಿನ್ಯಾಸದ ಮೂಲ ಭರವಸೆ. ಆರ್ಡರ್ ಸೇವೆ ‘ಆರ್ಡರ್ ಬಂತು’ ಎಂಬ ಇವೆಂಟನ್ನು ಕ್ಯೂಗೆ ಹಾಕಿ ತನ್ನ ಪಾಡಿಗೆ ಮುಂದಿನ ಗ್ರಾಹಕರನ್ನು ನೋಡುತ್ತದೆ. ಎಸ್ಸೆಮ್ಮೆಸ್ ಕಳಿಸುವ ಸೇವೆ ಆ ಹೊತ್ತಿಗೆ ನಿಂತುಹೋಗಿದ್ದರೆ, ಮತ್ತೆ ಎದ್ದಾಗ ಕ್ಯೂನಿಂದ ತೆಗೆದುಕೊಂಡು ಕೆಲಸ ಮುಂದುವರಿಸುತ್ತದೆ. ಓದುವ ಕಡೆಯವರು ಕೆಟ್ಟಾಗ ಈ ಭರವಸೆ ಬಹುಮಟ್ಟಿಗೆ ಉಳಿಯುತ್ತದೆ. ಕ್ಯೂ ತಾನೇ ಕೆಟ್ಟಾಗ ಉಳಿಯುತ್ತದೆಯೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಕ್ಯೂ ಕೈಗೆ ಸಿಗದಿದ್ದಾಗ ಇವೆಂಟ್ ಹಾಕುವ ಕೋಡ್ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿರದಿದ್ದರೆ ಉಳಿಯುವುದಿಲ್ಲ ಎಂದು ನಾನು ವಾದಿಸುತ್ತೇನೆ. ಅದಕ್ಕೆ ಆಧಾರವಾಗಿ, ಸ್ವತಃ ಸೇವೆ ಒದಗಿಸುವವರೇ ವಿವರವಾಗಿ ಪ್ರಕಟಿಸಿದ ಒಂದು ಘಟನೆಯಿದೆ.

2020ರ ನವೆಂಬರ್ 25ರಂದು ಅಮೆಜಾನ್ ವೆಬ್ ಸರ್ವಿಸಸ್‌ನ ಉತ್ತರ ವರ್ಜೀನಿಯಾ ವಲಯದಲ್ಲಿ, ಅಂದರೆ `us-east-1`ರಲ್ಲಿ, ಕಿನೀಸಿಸ್ ಎಂಬ ಇವೆಂಟ್ ಸ್ಟ್ರೀಮ್ ಸೇವೆ ಕೆಟ್ಟಿತು. ಅಂದು ನಸುಕಿನಲ್ಲಿ ಅದರ ಮುಂಚೂಣಿ ಸರ್ವರ್‌ಗಳ ಗುಂಪಿಗೆ ಒಂದಷ್ಟು ಹೊಸ ಸರ್ವರ್‌ಗಳನ್ನು ಸೇರಿಸಿದ್ದರು. ಆ ಗುಂಪಿನ ಪ್ರತಿ ಸರ್ವರ್ ಗುಂಪಿನ ಇತರ ಎಲ್ಲ ಸರ್ವರ್‌ಗಳೊಡನೆ ಮಾತಾಡಲು ಒಂದೊಂದು ಥ್ರೆಡ್ ಇಟ್ಟುಕೊಳ್ಳುತ್ತಿತ್ತು. ಗುಂಪು ದೊಡ್ಡದಾದಂತೆ ಪ್ರತಿ ಸರ್ವರ್‌ನ ಥ್ರೆಡ್‌ಗಳೂ ಹೆಚ್ಚಿ, ಆಪರೇಟಿಂಗ್ ಸಿಸ್ಟಮ್‌ಗೆ ನಿಗದಿ ಮಾಡಿದ್ದ ಮಿತಿ ಎಲ್ಲ ಸರ್ವರ್‌ಗಳಲ್ಲೂ ಮೀರಿತು. ಪೆಸಿಫಿಕ್ ಸಮಯ ಬೆಳಗಿನ 5:15ಕ್ಕೆ ಎಚ್ಚರಿಕೆಗಳು ಬರತೊಡಗಿದವು. ಕಿನೀಸಿಸ್ ಪೂರ್ತಿ ಸರಿಹೋದದ್ದು ಅಂದು ರಾತ್ರಿ 10:23ಕ್ಕೆ. ಕಿನೀಸಿಸ್ ಏಕೆ ಬಿತ್ತು ಎಂಬುದು ಬೇರೆಯದೇ ಆದ ಒಂದು ಅಧ್ಯಯನಕ್ಕೆ ವಸ್ತು. ನನಗೆ ಇಲ್ಲಿ ಬೇಕಾದದ್ದು ಅದರ ಜೊತೆಗೆ ಕಾಗ್ನಿಟೊ ಏಕೆ ಬಿತ್ತು ಎಂಬುದು.

ಕಾಗ್ನಿಟೊ ಲಾಗಿನ್ ಸೇವೆ. ಸಾವಿರಾರು ಆ್ಯಪ್‌ಗಳ ಬಳಕೆದಾರರು ಅದರ ಮೂಲಕ ಒಳಗೆ ಬರುತ್ತಾರೆ. ಲಾಗಿನ್ ಮಾಡಿಸುವುದಕ್ಕೆ ಅದಕ್ಕೆ ಕಿನೀಸಿಸ್ ಬೇಕಿರಲಿಲ್ಲ. ತನ್ನನ್ನು ಯಾರು ಹೇಗೆ ಬಳಸುತ್ತಿದ್ದಾರೆ ಎಂಬ ವಿಶ್ಲೇಷಣೆಯ ಮಾಹಿತಿಯನ್ನು ಮಾತ್ರ ಅದು ಕಿನೀಸಿಸ್‌ಗೆ ಕಳಿಸುತ್ತಿತ್ತು. ಆ ಮಾಹಿತಿ ತಲುಪಿದರೆ ಸರಿ, ತಲುಪದಿದ್ದರೂ ನಡೆಯುತ್ತದೆ ಎಂದೇ ವಿನ್ಯಾಸ ಮಾಡಿದ್ದರು. ಕಿನೀಸಿಸ್ ಸ್ವಲ್ಪ ಹೊತ್ತು ಸಿಗದಿದ್ದರೆ ತಡೆದುಕೊಳ್ಳಲೆಂದು ಪ್ರತಿ ಸರ್ವರ್‌ನಲ್ಲೂ ಬಫರ್ ಇತ್ತು. ಕಾಗದದ ಮೇಲೆ ನೋಡಿದರೆ ಎರಡೂ ಸೇವೆಗಳು ಬಿಡಿಬಿಡಿಯೇ. ಆದರೆ ಅಡಚಣೆ ಗಂಟೆಗಟ್ಟಲೆ ಎಳೆದಾಗ, ಬಫರ್ ಕೋಡಿನಲ್ಲಿ ಅಡಗಿದ್ದ ಒಂದು ದೋಷ ಹೊರಬಂತು. ಕಿನೀಸಿಸ್‌ಗೆ ಹೋಗದೆ ಉಳಿದ ಮಾಹಿತಿ ಬಫರ್‌ನಲ್ಲಿ ಜಮೆಯಾದ ಮೇಲೆ ಕಾಗ್ನಿಟೊದ ವೆಬ್ ಸರ್ವರ್‌ಗಳು ಆ ಬಫರ್‌ಗಾಗಿ ಕಾಯುತ್ತ ನಿಂತುಬಿಟ್ಟವು. ತಲುಪದಿದ್ದರೂ ನಡೆಯುವ ಅಂಕಿಅಂಶಕ್ಕಾಗಿ ಎಲ್ಲರಿಗೂ ಬೇಕಾದ ಲಾಗಿನ್ ನಿಂತಿತು. ಕಾಗ್ನಿಟೊ ತಂಡ ಮೊದಲು ಬಫರ್ ಹಿಗ್ಗಲೆಂದು ಹೆಚ್ಚುವರಿ ಸಾಮರ್ಥ್ಯ ಸೇರಿಸಿತು. ಅದು ಸ್ವಲ್ಪ ಹೊತ್ತು ಮಾತ್ರ ಕೈಹಿಡಿಯಿತು. 7:01ರ ಹೊತ್ತಿಗೆ ತಪ್ಪುಗಳು ತೀರಾ ಏರಿದವು. ಕಿನೀಸಿಸ್ ಮೇಲಿನ ಅವಲಂಬನೆಯನ್ನು ತಗ್ಗಿಸುವ ಬದಲಾವಣೆಯನ್ನು 10:15ಕ್ಕೆ ಹಾಕಲು ಶುರುಮಾಡಿದ ಮೇಲೆಯೇ ತಪ್ಪುಗಳು ಇಳಿಮುಖವಾದವು. ಕಾಗ್ನಿಟೊ ಸರಿಹೋದದ್ದು ಮಧ್ಯಾಹ್ನ 2:18ಕ್ಕೆ, ಅಂದರೆ ಕಿನೀಸಿಸ್‌ಗಿಂತ ಎಂಟು ಗಂಟೆ ಮೊದಲು. ಎರಡನ್ನೂ ಕಟ್ಟಿದ್ದ ಗಂಟು ಬಿಚ್ಚುವಂಥದ್ದೇ ಆಗಿತ್ತು ಎನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು.

ಇದನ್ನು ಒಂದು ದೊಡ್ಡ ಕಂಪನಿಯ ವಿಶೇಷ ದೋಷವೆಂದು ಪಕ್ಕಕ್ಕಿಡುವಂತಿಲ್ಲ. ಇದೇ ಸ್ವಭಾವ ಬಹುಮಂದಿ ದಿನನಿತ್ಯ ಬಳಸುವ ಸಲಕರಣೆಗಳಲ್ಲಿ ಮೊದಲಿಂದಲೂ ಕೂತಿದೆ. ಕಾಫ್ಕಾದ ಜಾವಾ ಪ್ರೊಡ್ಯೂಸರ್ ತೆಗೆದುಕೊಳ್ಳಿ. ಅದರ `send()` ಕಾಯದೆ ಹಿಂತಿರುಗುತ್ತದೆ ಎಂದೇ ಹೆಚ್ಚಿನವರ ತಿಳಿವಳಿಕೆ. ಇವೆಂಟನ್ನು ಮೆಮೊರಿಯ ಬಫರ್‌ಗೆ ಹಾಕಿ ಅದು ಕೂಡಲೇ ಹಿಂತಿರುಗುವುದು ನಿಜ, ಆದರೆ ಬಫರ್‌ನಲ್ಲಿ ಜಾಗ ಇರುವ ತನಕ ಮಾತ್ರ. ಆ ಬಫರ್‌ನ ಗಾತ್ರ `buffer.memory`; ನಾವಾಗಿ ಬದಲಿಸದಿದ್ದರೆ 33554432 ಬೈಟ್, ಅಂದರೆ 32 ಎಂಬಿ. ಜಾಗ ಮುಗಿದರೆ `send()` ಅಲ್ಲೇ ನಿಲ್ಲುತ್ತದೆ. ಎಷ್ಟು ಹೊತ್ತು ಎಂಬುದನ್ನು `max.block.ms` ಹೇಳುತ್ತದೆ: 60000, ಪೂರಾ ಒಂದು ನಿಮಿಷ.

ಲೆಕ್ಕ ಹಾಕಿ ನೋಡೋಣ. ಒಂದು ವೆಬ್ ಸರ್ವರ್‌ಗೆ ಸೆಕೆಂಡಿಗೆ 100 ವಿನಂತಿಗಳು ಬರುತ್ತವೆ, ಪ್ರತಿ ವಿನಂತಿಗೆ ತಲಾ ಒಂದು ಕೆಬಿಯ ಐದು ಇವೆಂಟ್‌ಗಳು ಹೋಗುತ್ತವೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 500 ಕೆಬಿ. ಕಾಫ್ಕಾದ ಬ್ರೋಕರ್‌ಗಳೆಲ್ಲ ಒಮ್ಮೆಗೇ ಕೈತಪ್ಪಿದರೆ 32 ಎಂಬಿ ತುಂಬಲು ಸುಮಾರು 65 ಸೆಕೆಂಡು ಸಾಕು. ಆ 65 ಸೆಕೆಂಡು ಬಳಕೆದಾರರಿಗೆ ಏನೂ ತಿಳಿಯುವುದಿಲ್ಲ. ಮುಂದಿನ ಕ್ಷಣದಿಂದ, ಬಂದ ಪ್ರತಿ ವಿನಂತಿಯ ಥ್ರೆಡ್ `send()`ನಲ್ಲಿ ಸಿಕ್ಕಿಕೊಳ್ಳುತ್ತದೆ. ಟಾಮ್‌ಕ್ಯಾಟ್ ತಾನಾಗಿ ಕೊಡುವುದು ಹೆಚ್ಚೆಂದರೆ 200 ಥ್ರೆಡ್. ಸೆಕೆಂಡಿಗೆ 100ರಂತೆ ಅವೆಲ್ಲ ಎರಡೇ ಸೆಕೆಂಡಿನಲ್ಲಿ ಮುಗಿಯುತ್ತವೆ. ಆಮೇಲೆ ಕಾಫ್ಕಾದ ಗೊಡವೆಯೇ ಇಲ್ಲದ ಪುಟಗಳೂ ತೆರೆಯುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಳಿಸಲಾಗದ ಇವೆಂಟನ್ನು ಕಾಫ್ಕಾ ಎಂದೆಂದಿಗೂ ಹಿಡಿದಿಟ್ಟುಕೊಳ್ಳುವುದಿಲ್ಲ. `delivery.timeout.ms` 120000, ಅಂದರೆ ಎರಡು ನಿಮಿಷ ಕಳೆದರೆ ಅದನ್ನು ಕೈಬಿಟ್ಟು ಜಾಗ ತೆರವು ಮಾಡುತ್ತದೆ. ಹಾಗಾಗಿ ಮೇಲಿನ ಸರ್ವರ್ 65ನೇ ಸೆಕೆಂಡಿಗೆ ಕಟ್ಟಿಕೊಂಡು, ಮೊದಲ ಇವೆಂಟ್‌ಗಳ ಅವಧಿ ಮುಗಿಯುವ 120ನೇ ಸೆಕೆಂಡಿನ ಹೊತ್ತಿಗೆ ಮತ್ತೆ ಉಸಿರಾಡುತ್ತದೆ. ಒಂದಿಷ್ಟು ಹೊತ್ತು ಓಡಿ ಮತ್ತೆ ಕಟ್ಟಿಕೊಳ್ಳುತ್ತದೆ. ಸುಮಾರು ಒಂದು ನಿಮಿಷ ಓಟ, ಸುಮಾರು ಒಂದು ನಿಮಿಷ ಸ್ತಬ್ಧ. ಹೀಗೆ ಬಿಟ್ಟುಬಿಟ್ಟು ಬರುವ ತೊಂದರೆಯನ್ನು ನೋಡಿದವರು ನೆಟ್‌ವರ್ಕ್ ಮೇಲೋ ಡೇಟಾಬೇಸ್ ಮೇಲೋ ಅನುಮಾನ ಪಡುತ್ತಾರೆಯೇ ಹೊರತು ಅಂಕಿಅಂಶ ಕಳಿಸುವ ಸಾಲಿನ ಕಡೆ ತಿರುಗಿ ನೋಡುವುದಿಲ್ಲ. ಪತ್ತೆ ಮಾಡಲು ಸುಲಭದ ದಾರಿ `jstack`. ಸರ್ವರ್ ಕಟ್ಟಿಕೊಂಡ ಹೊತ್ತಿಗೆ ಥ್ರೆಡ್‌ಗಳ ಪಟ್ಟಿ ತೆಗೆದರೆ ಸಾಲುಸಾಲಾಗಿ `BufferPool.allocate` ಎಂಬ ಹೆಸರು ಕಾಣುತ್ತದೆ. ಅದಕ್ಕೂ ಮುಂಚೆ ಎಚ್ಚರಿಕೆ ಬೇಕಿದ್ದರೆ ಪ್ರೊಡ್ಯೂಸರ್‌ನ `buffer-available-bytes` ಎಂಬ ಅಳತೆ ಇಳಿಯುತ್ತ ಹೋಗುವುದನ್ನು ಗಮನಿಸಬೇಕು.

ಬಫರನ್ನು ದೊಡ್ಡದು ಮಾಡಿದರಾಯಿತಲ್ಲ ಎಂಬ ಸಲಹೆ ಪದೇಪದೇ ಕೇಳಿಬರುತ್ತದೆ. ಬಫರ್ ಹತ್ತರಷ್ಟಾದರೆ ತುಂಬುವ ಹೊತ್ತೂ ಹತ್ತರಷ್ಟಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡು ನಿಮಿಷದ ಗಡುವು ಇರುವುದರಿಂದ 64 ಎಂಬಿ ಇಟ್ಟರೆ ಬಫರ್ ತುಂಬುವುದೇ ಇಲ್ಲ, ಆ ಮಟ್ಟಿಗೆ ಸಲಹೆ ಸರಿ. ಆದರೆ ಹಬ್ಬದ ಮಾರಾಟದ ದಿನ ವಿನಂತಿಗಳು ಮೂರು ಪಟ್ಟಾದರೆ ಲೆಕ್ಕ ಮತ್ತೆ ತಪ್ಪುತ್ತದೆ. ಗಾತ್ರ ಎಷ್ಟೇ ಇರಲಿ, ತುಂಬಿದಾಗ ಕಾಯಬೇಕೋ ಬಿಡಬೇಕೋ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಕಳೆದುಕೊಂಡರೂ ನಡೆಯುವ ಇವೆಂಟ್‌ಗಳಿಗೆ ಉತ್ತರ ಬಹಳ ಚಿಕ್ಕದು. ವಿನಂತಿಯ ಥ್ರೆಡ್ ಇವೆಂಟನ್ನು ಗಾತ್ರದ ಮಿತಿಯಿರುವ ಒಂದು ಸ್ಥಳೀಯ ಕ್ಯೂಗೆ ಹಾಕಲಿ, ಕಾಫ್ಕಾಗೆ ಕಳಿಸುವ ಕೆಲಸವನ್ನು ಬೇರೊಂದು ಥ್ರೆಡ್ ಮಾಡಲಿ. ಜಾವಾದ `ArrayBlockingQueue`ಗೆ ಹಾಕಲು `put` ಬಳಸಿದರೆ ಜಾಗ ಸಿಗುವ ತನಕ ಕಾಯುತ್ತದೆ. `offer` ಬಳಸಿದರೆ ಜಾಗವಿಲ್ಲವೆಂದು ಕೂಡಲೇ `false` ಹೇಳಿ ಹಿಂತಿರುಗುತ್ತದೆ.

```java
if (!localQueue.offer(event)) {
    dropped.increment();
}
```

ಎರಡನೆಯ ಸಾಲನ್ನು ಬಿಡಬಾರದು. ಎಷ್ಟು ಇವೆಂಟ್‌ಗಳು ಹೋದವೆಂಬ ಲೆಕ್ಕವೇ ಇಲ್ಲದಿದ್ದರೆ, ಮರುದಿನ ವರದಿಯಲ್ಲಿ ಸಂಖ್ಯೆ ಕಡಿಮೆ ಬಂದಾಗ ವ್ಯಾಪಾರ ಇಳಿಯಿತೋ ಇವೆಂಟ್ ಬಿದ್ದುಹೋದವೋ ಹೇಳಲು ಬರುವುದಿಲ್ಲ.

ಹಣ ಕಟ್ಟಿಸಿಕೊಂಡ ಆರ್ಡರ್‌ನಂಥ ಇವೆಂಟನ್ನು ಹೀಗೆ ಬಿಡಲಾಗದು. ಅದಕ್ಕೆ ಬಳಕೆಯಲ್ಲಿರುವ ಮಾರ್ಗ ಔಟ್‌ಬಾಕ್ಸ್ ಟೇಬಲ್. ಆರ್ಡರ್ ಬರೆಯುವ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿಯೇ ಇವೆಂಟನ್ನೂ ಒಂದು ಟೇಬಲ್‌ಗೆ ಬರೆಯುತ್ತಾರೆ. ಎರಡೂ ಉಳಿಯುತ್ತವೆ, ಇಲ್ಲವೇ ಎರಡೂ ಹೋಗುತ್ತವೆ. ಆ ಟೇಬಲ್‌ನಿಂದ ಓದಿ ಕ್ಯೂಗೆ ಸಾಗಿಸುವುದು ಬೇರೊಂದು ಪ್ರಕ್ರಿಯೆ. ಕ್ಯೂ ಸಿಗದಿದ್ದರೆ ಸಾಲುಗಳು ಟೇಬಲ್‌ನಲ್ಲೇ ಕೂತಿರುತ್ತವೆ, ಆರ್ಡರ್ ಹಾಕುವವರಿಗೆ ಅದರ ಬಿಸಿ ತಟ್ಟುವುದಿಲ್ಲ. ಸೆಕೆಂಡಿಗೆ ಹತ್ತು ಆರ್ಡರ್, ಒಂದೊಂದು ಎರಡು ಕೆಬಿ ಎಂದರೆ ಆರು ಗಂಟೆಗೆ 2,16,000 ಸಾಲುಗಳು, ಸುಮಾರು 430 ಎಂಬಿ. ಡಿಸ್ಕ್‌ಗೆ ಇದು ದೊಡ್ಡ ಹೊರೆಯಲ್ಲ.

ಹೊರೆ ಕಾಣುವುದು ಕ್ಯೂ ಮರಳಿ ಬಂದ ಮೇಲೆ. ಓದುವ ಸೇವೆಗೆ ಸೆಕೆಂಡಿಗೆ 50 ಇವೆಂಟ್ ಮುಗಿಸುವ ಶಕ್ತಿಯಿದ್ದರೆ, ಹೊಸದಾಗಿ ಬರುವ ಹತ್ತು ಕಳೆದು ಹಳೆಯ ಬಾಕಿಗೆ 40 ಉಳಿಯುತ್ತದೆ. 2,16,000 ಬಾಕಿ ತೀರಲು ಒಂದೂವರೆ ಗಂಟೆ. ಆ ಶಕ್ತಿ ಸೆಕೆಂಡಿಗೆ 12 ಮಾತ್ರ ಆಗಿದ್ದರೆ 30 ಗಂಟೆ. ದಿನನಿತ್ಯದ ಹೊರೆಗೆ ಸರಿಯಾಗಿ ಅಳೆದು ಹಾಕಿದ ಸೇವೆ ಇಂಥ ದಿನ ಬಾಕಿಯನ್ನು ತೀರಿಸಲಾರದೆ ಒದ್ದಾಡುತ್ತದೆ. ಆ ಬಾಕಿಯಲ್ಲಿ ‘ನಿಮ್ಮ ಊಟ ಹೊರಟಿದೆ’ ಎಂಬಂಥ ಎಸ್ಸೆಮ್ಮೆಸ್‌ಗಳಿದ್ದರೆ, ಆರು ಗಂಟೆಯ ನಂತರ ಅವನ್ನು ಕಳಿಸದಿರುವುದೇ ಸರಿ. ಅದಕ್ಕಾಗಿ ಇವೆಂಟ್‌ನಲ್ಲಿ ಹುಟ್ಟಿದ ಸಮಯ ಇರಬೇಕು, ಓದುವವರು ಅದನ್ನು ನೋಡಬೇಕು. ಸಾಗಿಸುವ ಪ್ರಕ್ರಿಯೆ ನಡುವೆ ನಿಂತು ಮತ್ತೆ ಶುರುವಾದರೆ ಒಂದೇ ಇವೆಂಟ್ ಎರಡು ಸಲ ಹೋಗುವ ಸಾಧ್ಯತೆಯೂ ಇದೆ. ಓದುವವರು ಇವೆಂಟ್‌ನ ಗುರುತು ಸಂಖ್ಯೆಯನ್ನು ಯೂನಿಕ್ ಕೀಯಾಗಿ ಬರೆದಿಟ್ಟುಕೊಂಡು ಎರಡನೆಯದನ್ನು ಕೈಬಿಡುತ್ತಾರೆ.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬ್ರೋಕರ್ ಅನ್ನು ಹತ್ತು ಸೆಕೆಂಡು ನಿಲ್ಲಿಸಿ, ಎಲ್ಲ ಸರಿಯಾಗಿದೆ ಎಂದು ಮುಗಿಸುವ ಪರೀಕ್ಷೆ ಬಫರ್‌ನೊಳಗೇ ಮುಗಿದುಹೋಗುತ್ತದೆ. ಕಾಗ್ನಿಟೊದ ದೋಷ ಅಡಗಿದ್ದದ್ದು ಬಫರ್ ತುಂಬಿದ ಆಚೆಗೆ. ಬಫರ್ ತುಂಬಲು ಬೇಕಾದ ಹೊತ್ತನ್ನು ಮೇಲಿನಂತೆ ಲೆಕ್ಕ ಹಾಕಿ, ಅದಕ್ಕಿಂತ ಹಲವು ಪಟ್ಟು ಹೊತ್ತು, ನಿಜವಾದ ಹೊರೆಯಲ್ಲೇ ಕ್ಯೂ ಸಿಗದಂತೆ ಮಾಡಬೇಕು. ಅಷ್ಟೇ ಸಾಲದು. ಬ್ರೋಕರ್ ನಿಂತಾಗ ಸಂಪರ್ಕ ತಕ್ಷಣ ನಿರಾಕರಣೆಯಾಗುತ್ತದೆ. ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ನುಂಗಿದಾಗ ಹಾಗಾಗದೆ ಪ್ರತಿ ಪ್ರಯತ್ನವೂ ಟೈಮ್‌ಔಟ್ ತನಕ ಕಾಯುತ್ತದೆ. `iptables`ನಲ್ಲಿ `REJECT` ಬದಲು `DROP` ಹಾಕಿ ಈ ಎರಡನೆಯದನ್ನೂ ನೋಡಬೇಕು.

ಕಿನೀಸಿಸ್ ಬಿದ್ದ ಅಂದಿನ ಘಟನೆಯ ಇನ್ನೆರಡು ಎಳೆಗಳು ಇದೇ ಕಡೆ ಬೊಟ್ಟು ಮಾಡುತ್ತವೆ. ಅಮೆಜಾನಿನವರು ಗ್ರಾಹಕರಿಗೆ ಸೇವೆಗಳ ಸ್ಥಿತಿ ತಿಳಿಸುವ ಪುಟವನ್ನು ತಿದ್ದುವ ಸಲಕರಣೆ ಕಾಗ್ನಿಟೊ ಮೂಲಕವೇ ಲಾಗಿನ್ ಆಗುತ್ತಿದ್ದುದರಿಂದ ಆ ಪುಟಕ್ಕೆ ಮಾಹಿತಿ ಹಾಕುವುದೂ ತಡವಾಯಿತು. ಬದಲಿ ಮಾರ್ಗವಿತ್ತು, ಆದರೆ ಸಿಬ್ಬಂದಿಗೆ ಅದರ ರೂಢಿ ಸಾಲದಿತ್ತು. ಅಳತೆಗಳನ್ನು ಸಂಗ್ರಹಿಸುವ ಕ್ಲೌಡ್‌ವಾಚ್ ಕೂಡ ಕಿನೀಸಿಸ್ ಮೇಲೆ ನಿಂತಿತ್ತು. ಅದು ಕೆಟ್ಟಾಗ ಗ್ರಾಹಕರ ಎಚ್ಚರಿಕೆಗಳು `INSUFFICIENT_DATA` ಸ್ಥಿತಿಗೆ ಜಾರಿದವು, ಆ ಅಳತೆಗಳನ್ನು ನೋಡಿ ಸರ್ವರ್ ಹೆಚ್ಚಿಸುವ ಆಟೋಸ್ಕೇಲಿಂಗ್ ಕೂಡ ತಡವಾಯಿತು. ನಂತರ ಅವರು ಪ್ರಕಟಿಸಿದ ತಿದ್ದುಪಡಿಗಳಲ್ಲಿ ಎರಡು ಈ ಟಿಪ್ಪಣಿಗೆ ನೇರ ಸಂಬಂಧಿಸಿದವು: ಕಿನೀಸಿಸ್ ತಪ್ಪು ಕೊಡುತ್ತಿದ್ದರೂ ಬಫರ್ ತುಂಬಿಹೋಗದಂತೆ ಕಾಗ್ನಿಟೊದ ವೆಬ್ ಸರ್ವರ್‌ಗಳನ್ನು ಬದಲಿಸಿದ್ದು, ಮತ್ತು ಕ್ಲೌಡ್‌ವಾಚ್ ತನ್ನ ಸ್ಥಳೀಯ ಸಂಗ್ರಹದಲ್ಲಿ ಮೂರು ಗಂಟೆಗಳ ಅಳತೆಗಳನ್ನು ಉಳಿಸಿಕೊಳ್ಳುವಂತೆ ಮಾಡಿದ್ದು.