ಸೋದರಮಾವ ಮತ್ತು ವರ್ಗಮೂಲ

ಅಕ್ಕನ ಮಗಳು ಮೈಸೂರಿನಿಂದ ಫೋನ್ ಮಾಡಿದಾಗ ನಾನು ಪೀತಮ್‌ಪುರದ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವಳ ತಮ್ಮ ಹುಟ್ಟಿದ ಎರಡನೇ ವಾರಕ್ಕೇ ತೀರಿಕೊಂಡಿದ್ದ. ಅಮೈನೋ ಆಮ್ಲ ದೇಹದಲ್ಲಿ ಕರಗದ ಒಂದು ಕಾಯಿಲೆ ಅಂದಿದ್ದರು ಡಾಕ್ಟರು. ಅಕ್ಕ ಮದುವೆಯಾದದ್ದು ಸೋದರತ್ತೆಯ ಮಗನನ್ನು. ಈಗ ಮಗಳಿಗೆ ಹೊರಗಿನ ಸಂಬಂಧ ಕೂಡಿಬಂದಿದೆ. "ಮಾಮ, ನನ್ನ ಮಕ್ಕಳಿಗೂ ಹಾಗೇ ಆಗತ್ತಾ? ನೀನು ಲೆಕ್ಕ ಗೊತ್ತಿರೋನು, ಹೇಳು" ಅಂದಳು.

ಅವತ್ತೇ ರಾತ್ರಿ ಎಕ್ಸೆಲ್ ತೆರೆದು ಕೂತೆ. ಅವಳಿಗೆ ಹೇಳಿದ ಉತ್ತರ ತಪ್ಪಾಗಿತ್ತು. ಯಾಕೆ ತಪ್ಪಾಯಿತು ಎಂದು ಹುಡುಕುತ್ತಾ ಹೋದದ್ದೇ ಈ ಬರಹ.

ಚೌಕಾಬಾರದ ಹುಣಸೆ ಬೀಜ ನೆನಪಿಸಿಕೊಳ್ಳಿ. ಒಂದು ಚೀಲದ ತುಂಬ ಕಪ್ಪು ಬೀಜ, ನೂರಕ್ಕೊಂದು ಮಾತ್ರ ಬಿಳಿ. ಹುಟ್ಟುವ ಪ್ರತಿ ಮಗುವಿಗೂ ಈ ಚೀಲದಿಂದ ಎರಡು ಬೀಜ, ಅಪ್ಪನಿಂದೊಂದು, ಅಮ್ಮನಿಂದೊಂದು. ರಿಸೆಸಿವ್ ಕಾಯಿಲೆ ಬರಬೇಕಾದರೆ ಎರಡೂ ಬಿಳಿಯೇ ಆಗಬೇಕು. ಅದರ ಸಾಧ್ಯತೆ ನೂರರಲ್ಲಿ ಒಂದರ ನೂರರಲ್ಲಿ ಒಂದು, ಅಂದರೆ 10,000ಕ್ಕೆ ಒಂದು. ಒಂದು ಕಪ್ಪು, ಒಂದು ಬಿಳಿ ಸಿಕ್ಕವರು ವಾಹಕರು. ಅವರಿಗೆ ಏನೂ ಆಗುವುದಿಲ್ಲ, ತಮ್ಮಲ್ಲಿ ಬಿಳಿ ಇದೆಯೆಂದು ಗೊತ್ತೂ ಇರುವುದಿಲ್ಲ. ಬಿಳಿ ಯಾವ ಕಡೆಯಿಂದಲಾದರೂ ಬರಬಹುದಾದ್ದರಿಂದ ಅವರ ಪ್ರಮಾಣ ನೂರಕ್ಕೆ ಎರಡು, ಅಂದರೆ 50ಕ್ಕೆ ಒಂದು.

ಆಸ್ಪತ್ರೆಗೆ ಕಾಣುವುದು ರೋಗಿಗಳು ಮಾತ್ರ, ಚೀಲ ಕಾಣುವುದಿಲ್ಲ. ಹಾಗಾಗಿ ಲೆಕ್ಕವನ್ನು ಹಿಂದುಮುಂದು ಮಾಡುತ್ತಾರೆ. ರೋಗಿಗಳ ಪ್ರಮಾಣದ ವರ್ಗಮೂಲ ತೆಗೆದರೆ ಬಿಳಿ ಬೀಜದ ಪ್ರಮಾಣ, ಅದನ್ನು ಎರಡರಿಂದ ಗುಣಿಸಿದರೆ ವಾಹಕರು. ಕಾಯಿಲೆ 10,000ಕ್ಕೆ ಒಂದು ಎಂದಿಟ್ಟುಕೊಂಡು ನಾನು ಮಾಡಿದ್ದೂ ಇದೇ. ನಮ್ಮ ಹುಡುಗಿ ಸ್ವತಃ ಆರೋಗ್ಯವಾಗಿರುವುದರಿಂದ ಅವಳು ವಾಹಕಳಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ಹುಡುಗ ವಾಹಕನಾಗಿರುವುದು 50ರಲ್ಲಿ ಒಂದು. ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ನಾಲ್ಕರಲ್ಲಿ ಒಂದು. ಎಲ್ಲ ಗುಣಿಸಿದರೆ 300ರಲ್ಲಿ ಒಂದು. ಹಾಗಂತಲೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ವರ್ಗಮೂಲದ ಹಿಂದಿರುವವರು ನಮಗೆ ರಾಮಾನುಜನ್ನರ ಮೂಲಕ ಪರಿಚಯವಿರುವ ಹಾರ್ಡಿಯೇ. ಮದರಾಸಿನಿಂದ ಅವರಿಗೆ ಆ ಪತ್ರ ಬಂದದ್ದು 1913ರಲ್ಲಿ. ಅದಕ್ಕೂ ಐದು ವರ್ಷ ಮೊದಲು ಕೇಂಬ್ರಿಜ್‌ನಲ್ಲಿ ಅವರೊಡನೆ ಕ್ರಿಕೆಟ್ ಆಡುತ್ತಿದ್ದ ತಳಿವಿಜ್ಞಾನಿ ಪನ್ನೆಟ್ ಒಂದು ತಕರಾರು ತಂದರು. ಗಿಡ್ಡ ಬೆರಳಿನಂಥ ಪ್ರಬಲ ಗುಣ ಕಾಲ ಕಳೆದಂತೆ ಜನರಲ್ಲೆಲ್ಲ ಹರಡಿ ಮೂರಕ್ಕೊಂದರ ಅನುಪಾತಕ್ಕೆ ಬರಬೇಕಲ್ಲವೇ, ಯಾಕೆ ಬರುತ್ತಿಲ್ಲ? ಹಾರ್ಡಿಗೆ ಇದು ಮಗ್ಗಿಯ ಮಟ್ಟದ ಲೆಕ್ಕವಾಗಿ ಕಂಡಿತು. 1908ರ ಜುಲೈಯಲ್ಲಿ 'ಸೈನ್ಸ್' ಪತ್ರಿಕೆಗೆ ಒಂದು ಸಣ್ಣ ಪತ್ರ ಬರೆದು ಮುಗಿಸಿದರು: ಚೀಲದಲ್ಲಿನ ಪ್ರಮಾಣ ಇದ್ದಂತೇ ಇರುತ್ತದೆ, ಜೋಡಿಗಳ ಅನುಪಾತ ಒಂದೇ ತಲೆಮಾರಿನಲ್ಲಿ ನೆಲೆಗೊಂಡು ಆಮೇಲೆ ಕದಲುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಸ್ಟುಟ್‌ಗಾರ್ಟ್‌ನ ವೈದ್ಯ ವೈನ್‌ಬರ್ಗ್ ಇದನ್ನೇ ಜರ್ಮನ್ನಿನಲ್ಲಿ ಹೇಳಿದ್ದರು. ಅವರ ಹೆಸರು ಇದಕ್ಕೆ ಸೇರಿದ್ದು 1943ರಲ್ಲಿ, ಕರ್ಟ್ ಸ್ಟರ್ನ್ ನೆನಪಿಸಿದ ಮೇಲೆ.

ಹಾರ್ಡಿ ತಮ್ಮ ಷರತ್ತುಗಳನ್ನು ಬಚ್ಚಿಡಲಿಲ್ಲ. ಜನಸಂಖ್ಯೆ ದೊಡ್ಡದಿರಬೇಕು, ಎಲ್ಲರಿಗೂ ಮಕ್ಕಳಾಗುವ ಸಾಧ್ಯತೆ ಸಮವಾಗಿರಬೇಕು, ಮದುವೆಗಳು ಯಾರಿಗೆ ಯಾರೋ ಎಂಬಂತೆ ನಡೆಯಬೇಕು. ಮೂರನೆಯದನ್ನು ನಾನು ಓದಿ ದಾಟಿಬಿಟ್ಟಿದ್ದೆ. ನನ್ನ ಅಮ್ಮನೇ ತನ್ನ ಸೋದರಮಾವನನ್ನು ಮದುವೆಯಾದವಳು!

1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್, ರಾಧಾರಮಾ ದೇವಿ ಮತ್ತವರ ಸಂಗಡಿಗರು ಕರ್ನಾಟಕದ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಇಂಥ ಅಮೈನೋ ಆಮ್ಲದ ಕಾಯಿಲೆಗಳಿಗಾಗಿ ಪರೀಕ್ಷಿಸಿದರು. ಜೊತೆಗೆ ಬಾಣಂತಿಯರನ್ನು, ಗಂಡ ನಿಮಗೆ ಮೊದಲೇ ಏನಾಗಬೇಕಿತ್ತು ಎಂದು ಕೇಳಿದರು. ಬೆಂಗಳೂರು, ಮೈಸೂರಿನ ಆ ಮದುವೆಗಳಲ್ಲಿ ಮೂರರಲ್ಲಿ ಒಂದು, ಹೆಚ್ಚುಕಡಿಮೆ, ರಕ್ತಸಂಬಂಧದೊಳಗೇ ಆಗಿತ್ತು. ಅಲನ್ ಬಿಟಲ್ಸ್ ಜೊತೆ ಸೇರಿ ಅವರು ತೆಗೆದ ಸರಾಸರಿ ಅಂತಃಸಂಬಂಧದ ಗುಣಾಂಕ, ಅಂದರೆ F, ಸುಮಾರು 0.03.

ಬೀಜದ ಭಾಷೆಯಲ್ಲಿ F ಎಂದರೆ ಇಷ್ಟು: ಮಗುವಿನ ಎರಡನೇ ಬೀಜ ಚೀಲದಿಂದ ಹೊಸದಾಗಿ ತೆಗೆದದ್ದಲ್ಲ, ಒಬ್ಬನೇ ಪೂರ್ವಿಕನಿಂದ ಎರಡು ದಾರಿಯಲ್ಲಿ ಬಂದ ಮೊದಲನೇ ಬೀಜದ ನಕಲೇ ಆಗಿರುವ ಸಾಧ್ಯತೆ. ಸೋದರಮಾವನ ಮದುವೆಯ ಮಕ್ಕಳಲ್ಲಿ ಅದು ಎಂಟರಲ್ಲಿ ಒಂದು, ಅತ್ತೆಯ ಮಗನದಾದರೆ ಹದಿನಾರರಲ್ಲಿ ಒಂದು. ಸರಾಸರಿ 0.03 ಎಂದರೆ ನೂರರಲ್ಲಿ ಮೂರು ಸಲ. ಹಾಗಾದರೆ ರೋಗಿಗಳು ಎರಡು ದಾರಿಯಲ್ಲಿ ಹುಟ್ಟುತ್ತಾರೆ. ಬಿಳಿ ಬೀಜದ ಪ್ರಮಾಣ q ಆದರೆ:

ರೋಗಿಗಳು = F × q + (1 − F) × q²

ಎಡಗಡೆ 0.0001, F ಜಾಗದಲ್ಲಿ 0.03 ಹಾಕಿ ಬಿಡಿಸಿದರೆ q ಸುಮಾರು 0.003 ಬರುತ್ತದೆ. ನಾನು ಹಿಡಿದಿದ್ದು 0.01. ವಾಹಕರು 50ಕ್ಕೆ ಒಬ್ಬರಲ್ಲ, ಸುಮಾರು 170ಕ್ಕೆ ಒಬ್ಬರು. ನೂರು ರೋಗಿಗಳಲ್ಲಿ 91 ಮಂದಿ ನಕಲು ಬೀಜದ ದಾರಿಯಿಂದ ಬಂದವರು, ಒಂಬತ್ತು ಮಂದಿ ಮಾತ್ರ ಹಾರ್ಡಿಯ ದಾರಿಯಿಂದ. ಆ 91 ಮಂದಿಯನ್ನೂ ನಾನು ವರ್ಗಮೂಲದೊಳಗೆ ತುರುಕಿ, ಊರಿಡೀ ಬಿಳಿ ಬೀಜ ಹರಡಿದೆ ಎಂದು ಹೆದರಿಸಿದ್ದೆ. ಅಕ್ಕನ ಮಗಳ 300ರಲ್ಲಿ ಒಂದು ಈಗ 1,000ದಲ್ಲಿ ಒಂದರ ಹತ್ತಿರಕ್ಕೆ ಇಳಿಯಿತು.

ಈ ತಪ್ಪನ್ನು ಹಿಡಿಯಲು ಸೂತ್ರವೂ ಬೇಕಿರಲಿಲ್ಲ. ರೋಗಿಗಳ ತಂದೆತಾಯಿಗಳಲ್ಲಿ ರಕ್ತಸಂಬಂಧಿಗಳು ಊರಿನ ಸರಾಸರಿಗಿಂತ ಬಹಳ ಹೆಚ್ಚಿದ್ದರೆ, ಆ ಜೀನ್ ವಿರಳ ಎಂದೇ ಅರ್ಥ. ಹಾರ್ಡಿಗಿಂತ ಆರು ವರ್ಷ ಮೊದಲು, 1902ರಲ್ಲಿ, ಲಂಡನ್ನಿನ ವೈದ್ಯ ಗ್ಯಾರೋಡ್ ಇದನ್ನು ಗಮನಿಸಿದ್ದರು. ಮೂತ್ರ ಕಪ್ಪಾಗುವ ಅಲ್ಕಾಪ್ಟೋನೂರಿಯದ ಮಕ್ಕಳ ಅಪ್ಪ ಅಮ್ಮ ಪದೇ ಪದೇ ಒಡಹುಟ್ಟಿದವರ ಮಕ್ಕಳೇ ಆಗಿರುತ್ತಿದ್ದರು. ಅದು ರಿಸೆಸಿವ್ ಇರಬೇಕೆಂಬ ಊಹೆ ಹುಟ್ಟಿದ್ದೇ ಅಲ್ಲಿಂದ.

ಹಾಗಾದರೆ ದೆಹಲಿಯಲ್ಲಿ ಈ ಲೆಕ್ಕ ಸರಿಹೋಗಬೇಕು ಅನ್ನಿಸಿತು. ಪಕ್ಕದ ಮನೆಯ ಅಂಕಲ್‌ಜಿಯ ಹಿರಿಯರು ವಿಭಜನೆಯಲ್ಲಿ ಮುಲ್ತಾನಿನಿಂದ ಬಂದವರು. ಅವರಲ್ಲಿ ಗೋತ್ರ ನೋಡಿ ದೂರದ ಸಂಬಂಧವನ್ನೇ ತರುತ್ತಾರೆ. ನಮ್ಮಲ್ಲಿ ಸೋದರಮಾವನಿಗೆ ಕೊಡುತ್ತಾರೆಂದರೆ ಅವರಿಗೆ ಇವತ್ತಿಗೂ ನಂಬಿಕೆಯಿಲ್ಲ. ಆದರೆ ಅಲ್ಲಿಯೂ ಚೀಲ ಒಂದೇ ಅಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೆಹಲಿಯ ಶಾಲಾ ಮಕ್ಕಳಲ್ಲಿ ಬೀಟಾ ಥಲಸ್ಸೀಮಿಯಾದ ವಾಹಕರು ಶೇ. 5.5ರಷ್ಟು ಎಂದು ಕಂಡಿತು. ಪಂಜಾಬಿ, ಸಿಂಧಿ ಮನೆತನಗಳಲ್ಲಿ ಇದು ಉಳಿದವರಿಗಿಂತ ಹೆಚ್ಚು. ಊರಿನ ಅರ್ಧ ಜನರಲ್ಲಿ ವಾಹಕರು ಶೇ. 10, ಇನ್ನರ್ಧದಲ್ಲಿ ಶೇ. 1 ಎಂದು ಊಹಿಸಿ. ಸರಾಸರಿ ಅದೇ 5.5. ಎಲ್ಲರೂ ಎಲ್ಲರಲ್ಲಿ ಮದುವೆಯಾದರೆ ಸುಮಾರು 1,300 ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ. ಅವರವರೊಳಗೇ ಆದರೆ ಸುಮಾರು 800ರಲ್ಲಿ ಒಂದಕ್ಕೆ. ಅತ್ತೆ ಮಗನ ಮದುವೆ ಒಂದೂ ಇಲ್ಲದೆ, ಜಾತಿ ನೋಡಿ ಮಾಡುವ ಮದುವೆಯೊಂದೇ ಸಾಕು, ಸರಾಸರಿಯ ಲೆಕ್ಕ ಕೆಡಲು.

ಥಲಸ್ಸೀಮಿಯಾಕ್ಕೆ ಇದರಿಂದ ದೊಡ್ಡ ತೊಂದರೆಯಿಲ್ಲ, ಏಕೆಂದರೆ ಬೀಜವನ್ನು ನೇರವಾಗಿಯೇ ನೋಡಬಹುದು. ಅಂಕಲ್‌ಜಿಯ ಮೊಮ್ಮಗ ಮದುವೆಗೆ ಮುಂಚೆ ಹಿಮೋಗ್ಲೋಬಿನ್ A2 ಪರೀಕ್ಷೆ ಮಾಡಿಸಿಕೊಂಡ. ವಾಹಕರಲ್ಲಿ ಅದು ಸಾಮಾನ್ಯವಾಗಿ ಶೇ. 4 ಅಥವಾ ಹೆಚ್ಚಿರುತ್ತದೆ. ಅವನದು 5.1 ಬಂತು, ಹುಡುಗಿಯದು 2.6. ಮದುವೆಯಲ್ಲಿ ನಾನೂ ಛೋಲೆ ತಿಂದು ಬಂದೆ.

ನಮ್ಮ ಕಾಯಿಲೆಗೆ ಅಂಥ ಸುಲಭದ ಪರೀಕ್ಷೆಯಿಲ್ಲ. ಮೊದಲು ನಮ್ಮ ಮನೆತನದ ಜೀನಿನಲ್ಲಿ ಕೆಟ್ಟಿರುವ ಅಕ್ಷರ ಯಾವುದೆಂದು ಹುಡುಕಬೇಕು, ಆಮೇಲೆ ಅದು ಹುಡುಗಿಯಲ್ಲಿ ಇದೆಯೇ ಎಂದು ನೋಡಬೇಕು. ಮಗುವಿನ ರಕ್ತ ಯಾರೂ ಎತ್ತಿಟ್ಟಿರಲಿಲ್ಲ. ಹೊಸ ಲೆಕ್ಕ ಹೇಳಲು ಫೋನ್ ಮಾಡಿದಾಗ ಅವಳು, "1,000ದಲ್ಲಿ ಒಂದಾದ್ರೂ ಆ ಒಂದು ಯಾರು ಅಂತ ನಿನ್ನ ಎಕ್ಸೆಲ್ ಹೇಳಲ್ಲ ಅಲ್ವಾ ಮಾಮ" ಅಂದಳು. ಹೋದ ವಾರ ಅಕ್ಕ, ಭಾವ ಇಬ್ಬರೂ ರಕ್ತ ಕೊಟ್ಟು ಬಂದಿದ್ದಾರೆ.